ಕೆ-ಮ್ಯಾಪ್ ಬಿಡಿಸಿ, ಟ್ರೂತ್ ಟೇಬಲ್‌ನಲ್ಲಿ ತಾಳೆ ನೋಡಿ

ಹಳೆಯ ಪ್ರಶ್ನೆಪತ್ರಿಕೆಗಳ ಡಿಜಿಟಲ್ ಲಾಜಿಕ್ ಲೆಕ್ಕಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಎರಡು ಕಡೆ: ಮನೆಗಳನ್ನು ತುಂಬುವಾಗ ಮತ್ತು ಉತ್ತರವನ್ನು ತಾಳೆ ನೋಡುವಾಗ. ನಡುವಿನ ಗುಂಪು ಕಟ್ಟುವ ಕೆಲಸ ಎಲ್ಲರಿಗೂ ಬರುತ್ತದೆ. ಹಳೆಯ ಪತ್ರಿಕೆಗಳ ಧಾಟಿಯದೇ ಒಂದು ಪ್ರಶ್ನೆಯನ್ನು ಹಿಡಿದು ಪೂರ್ತಿ ಬಿಡಿಸೋಣ.

```
F(A,B,C,D) = Σm(0,2,3,5,7,8,10,13) + d(15)
```

ಹಂತ 1: ಮನೆಗಳನ್ನು ತುಂಬುವುದು

ಮೊದಲು ಆವರಣದೊಳಗಿನ ಅಕ್ಷರಗಳ ಕ್ರಮ ನೋಡಿ. ಇಲ್ಲಿ A ಮೊದಲಿದೆ, ಆದ್ದರಿಂದ ಅದರ ಬೆಲೆ 8. ಕೆಲವು ಪತ್ರಿಕೆಗಳಲ್ಲಿ F(D,C,B,A) ಎಂದಿರುತ್ತದೆ. ಅದನ್ನು ಗಮನಿಸದೆ ಹೋದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ.

ಸಾಲು, ಕಂಬಗಳ ತಲೆಬರಹ 00, 01, 11, 10 ಎಂದೇ ಇರಬೇಕು. 1953ರಲ್ಲಿ ಮಾರಿಸ್ ಕಾರ್ನೋ ಪ್ರಕಟಿಸಿದ ಈ ನಕ್ಷೆಯ ಜೀವಾಳವೇ ಈ ಕ್ರಮ. ಪಕ್ಕದ ಮನೆಗೆ ಹೋದಾಗ ಒಂದೇ ಅಕ್ಷರ ಬದಲಾಗಬೇಕು, ಆಗ ಮಾತ್ರ ಆ ಅಕ್ಷರವನ್ನು ಕೈಬಿಡಬಹುದು. ತಲೆಬರಹವನ್ನು ಸರಿಯಾಗಿ ಬರೆದವರೂ ಮನೆಗಳಿಗೆ ಮಾತ್ರ 0, 1, 2, 3 ಎಂದು ಸಾಲಾಗಿ ಸಂಖ್ಯೆ ಹಾಕಿಬಿಡುತ್ತಾರೆ. ಮೊದಲ ಸಾಲಿನ ಸರಿಯಾದ ಕ್ರಮ 0, 1, 3, 2. ಮೂರನೆಯ ಸಾಲು 8ರಿಂದ ಅಲ್ಲ, 12ರಿಂದ ಶುರುವಾಗುತ್ತದೆ. ಸಂಖ್ಯೆಯನ್ನು ಬಾಯಿಪಾಠ ಮಾಡುವ ಬದಲು 13 ಅಂದರೆ 1101, ಹಾಗಾಗಿ 11ರ ಸಾಲು, 01ರ ಕಂಬ ಎಂದು ಬಿಡಿಸಿಕೊಂಡೇ ತುಂಬಿ.

```
AB\CD  00  01  11  10
 00     1   0   1   1
 01     0   1   1   0
 11     0   1   X   0
 10     1   0   0   1
```

ತಪ್ಪು ತುಂಬಿದ್ದರೆ ನಕ್ಷೆಯೇ ಸುಳಿವು ಕೊಡುತ್ತದೆ. ಇದೇ ಪ್ರಶ್ನೆಯನ್ನು 0, 1, 2, 3 ಕ್ರಮದಲ್ಲಿ ತುಂಬಿ ನೋಡಿ: ನಾಲ್ಕು 1ಗಳು ಯಾವ ನೆರೆಯೂ ಇಲ್ಲದೆ ಒಂಟಿಯಾಗಿ ನಿಲ್ಲುತ್ತವೆ. ಅಷ್ಟೊಂದು ಒಂಟಿ 1ಗಳು ಕಂಡರೆ ಮುಂದುವರಿಯದೆ ಸಂಖ್ಯೆಗಳನ್ನು ಮತ್ತೆ ನೋಡಿ. ಎಕ್ಸ್‌ಆರ್ ಬಗೆಯ ಪ್ರಶ್ನೆಯಲ್ಲಿ ಮಾತ್ರ ಚದುರಂಗದ ಹಾಸಿನಂತೆ ಕಾಣುವುದು ಸಹಜ.

ಹಂತ 2: ಗುಂಪು ಕಟ್ಟುವುದು

ನಾಲ್ಕು ಮೂಲೆಗಳು (0, 2, 8, 10) ಒಂದೇ ಗುಂಪು, ಅಂಚುಗಳು ಮಡಚಿ ಸೇರುತ್ತವೆ: B'D'. ನಡುವೆ 5, 7, 13ರ ಜೊತೆಗೆ X ಅನ್ನು 1 ಎಂದು ಎಣಿಸಿದರೆ ಇನ್ನೊಂದು ನಾಲ್ಕರ ಗುಂಪು: BD. ಉಳಿದದ್ದು 3 ಒಂದೇ. ಅದನ್ನು 2ರ ಜೊತೆ ಕೂಡಿಸಿದರೆ A'B'C, 7ರ ಜೊತೆ ಕೂಡಿಸಿದರೆ A'CD. ಎರಡೂ ಸರಿ, ಎರಡರ ಉದ್ದವೂ ಒಂದೇ. ಗೈಡಿನಲ್ಲಿ ಒಂದು, ನಿಮ್ಮಲ್ಲಿ ಇನ್ನೊಂದು ಬಂದರೆ ಬರೆದದ್ದನ್ನು ಹೊಡೆದುಹಾಕಬೇಡಿ. ಅಚ್ಚಿನ ತಪ್ಪುಗಳಿಂದ ತುಂಬಿದ ಗೈಡುಗಳೂ ಇವೆ. ತೀರ್ಪು ಟ್ರೂತ್ ಟೇಬಲ್‌ನದ್ದಾಗಲಿ.

ಹಂತ 3: ತಾಳೆ ನೋಡುವುದು

ಕೊನೆಯ ಕಂಬ Q ಅನ್ನು ಪ್ರಶ್ನೆಪತ್ರಿಕೆಯಿಂದ ನೇರವಾಗಿ ಬರೆಯಿರಿ. ಇದರಲ್ಲಿ ರಿಯಾಯಿತಿ ಬೇಡ. ಹೆಚ್ಚಿನವರು ತಮ್ಮ ನಕ್ಷೆಯನ್ನೇ ನೋಡಿ ಬರೆಯುತ್ತಾರೆ. ನಕ್ಷೆಯಲ್ಲಿ ತಪ್ಪಿದ್ದರೆ ಅದೇ ತಪ್ಪು ಟೇಬಲ್‌ಗೂ ಬರುತ್ತದೆ, ಎರಡೂ ಹೊಂದಿಕೊಂಡು ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಪ್ರತಿ ಪದಕ್ಕೂ ಬೇರೆ ಕಂಬ ಹಾಕಿ, ಮನಸ್ಸಿನಲ್ಲೇ ಕೂಡಿಸಿ F ಬರೆಯಬೇಡಿ.

```
 m  ABCD  B'D'  BD  A'B'C  F  Q
 0  0000   1    0     0    1  1
 1  0001   0    0     0    0  0
 2  0010   1    0     1    1  1
 3  0011   0    0     1    1  1
 4  0100   0    0     0    0  0
 5  0101   0    1     0    1  1
 6  0110   0    0     0    0  0
 7  0111   0    1     0    1  1
 8  1000   1    0     0    1  1
 9  1001   0    0     0    0  0
10  1010   1    0     0    1  1
11  1011   0    0     0    0  0
12  1100   0    0     0    0  0
13  1101   0    1     0    1  1
14  1110   0    0     0    0  0
15  1111   0    1     0    1  X
```

X ಇರುವ ಸಾಲಿನಲ್ಲಿ F ಏನೇ ಬಂದರೂ ತಕರಾರಿಲ್ಲ. ಉಳಿದ 15 ಸಾಲುಗಳು ಹೊಂದಲೇಬೇಕು, 0 ಇರುವ ಸಾಲುಗಳೂ ಸೇರಿ. 1ರ ಸಾಲುಗಳನ್ನಷ್ಟೇ ನೋಡಿ ಬಿಡುವುದು ಕೆಟ್ಟ ಅಡ್ಡದಾರಿ. ತಪ್ಪಿ 0 ಮನೆಯನ್ನು ಗುಂಪಿಗೆ ಸೇರಿಸಿದ್ದರೆ ಅದು ಸಿಕ್ಕಿಬೀಳುವುದು 0 ಸಾಲಿನಲ್ಲೇ.

ಹಂತ 4: ಸರಿ ಇದೆ, ಆದರೆ ಚಿಕ್ಕದೇ?

ಇಲ್ಲಿ ಎಡವುವವರೇ ಹೆಚ್ಚು. F ಮತ್ತು Q ಹೊಂದಿದರೆ ಉತ್ತರ ತಪ್ಪಲ್ಲ ಎಂದಷ್ಟೇ ಅರ್ಥ. ಪ್ರಶ್ನೆ ಕೇಳಿರುವುದು ಕನಿಷ್ಠ ರೂಪ. ಉದಾಹರಣೆಗೆ A'B'C, A'CD ಎರಡನ್ನೂ ಬರೆದು ನಾಲ್ಕು ಪದಗಳ ಉತ್ತರ ಕೊಟ್ಟರೂ ಟೇಬಲ್ ಹೊಂದುತ್ತದೆ, ಅಂಕ ಮಾತ್ರ ಹೋಗುತ್ತದೆ. ಅದೇ ಟೇಬಲ್ ಇಟ್ಟುಕೊಂಡು ಇನ್ನೆರಡು ಪರೀಕ್ಷೆ ಮಾಡಿ.

ಮೊದಲನೆಯದು ಹೆಚ್ಚುವರಿ ಪದ ಹಿಡಿಯುವುದು. ಪ್ರತಿ ಪದದ ಕಂಬದಲ್ಲೂ ಅದೊಂದೇ 1 ಆಗಿರುವ ಸಾಲು ಕನಿಷ್ಠ ಒಂದಾದರೂ ಇರಬೇಕು. X ಸಾಲು ಲೆಕ್ಕಕ್ಕಿಲ್ಲ. ಮೇಲಿನ ಟೇಬಲ್‌ನಲ್ಲಿ A'B'Cಗೆ 3ನೆಯ ಸಾಲು ಇದೆ, ಹಾಗಾಗಿ ಅದು ಬೇಕೇ ಬೇಕು. ನಾಲ್ಕು ಪದಗಳ ಉತ್ತರದಲ್ಲಾದರೆ 3ನ್ನು ಎರಡು ಪದಗಳು ಹಂಚಿಕೊಳ್ಳುತ್ತವೆ, 2 B'D'ಯಲ್ಲೂ ಇದೆ, 7 BDಯಲ್ಲೂ ಇದೆ. ಎರಡರಲ್ಲಿ ಒಂದನ್ನು ಹೊಡೆಯಿರಿ. ಒಂದನ್ನು ಹೊಡೆದ ಮೇಲೆ ಮತ್ತೆ ನೋಡಿ, ಎರಡನ್ನೂ ಒಟ್ಟಿಗೆ ಹೊಡೆದರೆ 3 ಬಿದ್ದುಹೋಗುತ್ತದೆ.

ಎರಡನೆಯದು ಹೆಚ್ಚುವರಿ ಅಕ್ಷರ ಹಿಡಿಯುವುದು. X ಅನ್ನು ಮುಟ್ಟಲು ಹೆದರಿದವರು BD ಬದಲು A'BD + BC'D ಎಂದು ಬರೆಯುತ್ತಾರೆ. ಅದಕ್ಕೂ ಟೇಬಲ್ ಹೊಂದುತ್ತದೆ, ಮೊದಲ ಪರೀಕ್ಷೆಯಲ್ಲೂ ಅದು ಪಾಸಾಗುತ್ತದೆ: 7 ಒಂದಕ್ಕೆ, 13 ಇನ್ನೊಂದಕ್ಕೆ ಸ್ವಂತ. ಈಗ A'BDಯಿಂದ A' ತೆಗೆದು ನೋಡಿ. ಉಳಿದ BD ಒಂದಾಗುವುದು 5, 7, 13, 15ರಲ್ಲಿ. ಅದರಲ್ಲಿ 0 ಸಾಲು ಯಾವುದೂ ಇಲ್ಲ, ಅಂದರೆ A' ಬೇಡವಾಗಿತ್ತು. ತೆಗೆದಾಗ ಒಂದು 0 ಸಾಲು ಸಿಕ್ಕಿದರೂ ಆ ಅಕ್ಷರ ಉಳಿಯಲಿ. ಎರಡೂ ಪರೀಕ್ಷೆ ದಾಟಿದರೂ ಕನಿಷ್ಠವಲ್ಲದ ಉತ್ತರಗಳು ಅಪರೂಪಕ್ಕೆ ಇರುತ್ತವೆ: 1ಗಳು ಬಳೆಯಂತೆ ಒಂದಕ್ಕೊಂದು ಕೊಂಡಿಯಾಗಿದ್ದು ಯಾವ ಗುಂಪೂ ಕಡ್ಡಾಯವಲ್ಲದಿದ್ದಾಗ. ಆಗ ಬೇರೆ ಮನೆಯಿಂದ ಶುರುಮಾಡಿ ಇನ್ನೊಮ್ಮೆ ಗುಂಪು ಕಟ್ಟಿ.

ಮೊತ್ತಗಳ ಗುಣಲಬ್ಧ ಕೇಳಿದರೆ

ಅದೇ ನಕ್ಷೆಯಲ್ಲಿ 0ಗಳನ್ನು ಗುಂಪು ಮಾಡಿ, ಅಕ್ಷರಗಳನ್ನು ತಿರುಗಿಸಿ ಬರೆಯಿರಿ. ಇಲ್ಲಿ 11ನ್ನು X ಜೊತೆ ಕೂಡಿಸಿದರೆ ಬರುವ ಉತ್ತರ:

```
F = (B'+D)(B+C+D')(A'+C'+D')
```

ಇದರ ಟೇಬಲ್ ಹಾಕಿದರೆ 15ನೆಯ ಸಾಲಿನಲ್ಲಿ 0 ಬರುತ್ತದೆ, ಮೊದಲ ಉತ್ತರದಲ್ಲಿ ಅಲ್ಲಿ 1 ಇತ್ತು. ಎರಡು ಉತ್ತರಗಳನ್ನು ಒಂದಕ್ಕೊಂದು ಹೋಲಿಸಿ ಗಾಬರಿಯಾಗುವುದು ಇಲ್ಲೇ. ಹೋಲಿಸಬೇಕಾದದ್ದು ಪ್ರತಿಯೊಂದನ್ನೂ Q ಕಂಬದೊಂದಿಗೆ, ಅಲ್ಲಿ 15ರ ಎದುರು ಇರುವುದು X.