ಪ್ಯಾಂಟು ಹೊಲಿಸುವುದೋ, ರೆಡಿಮೇಡ್ ಕೊಳ್ಳುವುದೋ: ನಾನು ಲೆಕ್ಕ ಹಾಕುವ ಬಗೆ

ಟೇಲರ್ ಮಜೂರಿ 500 ರೂಪಾಯಿ, ಅಂಗಡಿಯ ಪ್ಯಾಂಟು 1300 ರೂಪಾಯಿ. ಇವೆರಡನ್ನೇ ಪಕ್ಕಪಕ್ಕ ಇಟ್ಟು ಹೊಲಿಸುವುದೇ ಅಗ್ಗ ಎನ್ನುವವರಿದ್ದಾರೆ. ಮಜೂರಿಯಲ್ಲಿ ಬಟ್ಟೆ ಸೇರಿಲ್ಲ, ಅಂಗಡಿ ಬೆಲೆಯಲ್ಲಿ ಆಲ್ಟರೇಷನ್ ಸೇರಿಲ್ಲ. ಎರಡನ್ನೂ ಸೇರಿಸಿಯೇ ನಾನು ಲೆಕ್ಕ ಶುರು ಮಾಡುತ್ತೇನೆ. ಆಫೀಸಿಗೆ ಹಾಕುವ ಫಾರ್ಮಲ್ ಪ್ಯಾಂಟನ್ನೇ ತೆಗೆದುಕೊಳ್ಳೋಣ. ಇಲ್ಲಿ ಹೇಳುವ ದರಗಳು ನಾನು ಕೊಡುವಂಥವು, ನಿಮ್ಮ ಊರಿನ ದರ ಹಾಕಿಕೊಂಡು ನೋಡಿ.

58 ಇಂಚು ಪನ್ನದ ಬಟ್ಟೆಯಾದರೆ ಒಂದು ಪ್ಯಾಂಟಿಗೆ 1.2 ಮೀಟರ್ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ನಾನು 1.3 ತೆಗೆದುಕೊಳ್ಳುತ್ತೇನೆ. ಸೀಟು 44 ಇಂಚು ದಾಟಿದವರಿಗೆ, ದೊಡ್ಡ ಚೆಕ್ಸ್ ಇರುವ ಬಟ್ಟೆಗೆ 1.5 ಬೇಕು, ಚೆಕ್ಸ್‌ನ ಗೆರೆ ಎರಡೂ ಕಾಲಿಗೆ ಕೂಡಿಸುವಾಗ ಬಟ್ಟೆ ವ್ಯರ್ಥವಾಗುತ್ತದೆ. ಕಾಟನ್ ಆದರೆ ಕತ್ತರಿಸುವ ಮೊದಲೇ ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ ಇಸ್ತ್ರಿ ಹಾಕಿ ಕೊಡಬೇಕು. ನೂರಕ್ಕೆ ಮೂರರಷ್ಟು ಕುಗ್ಗಿದರೂ 40 ಇಂಚಿನ ಕಾಲು ಒಂದಿಂಚಿಗಿಂತ ಹೆಚ್ಚು ಗಿಡ್ಡವಾಗುತ್ತದೆ. ಆಗ ಕಾಲುಚೀಲ ಕಾಣುವ ಪ್ಯಾಂಟಿಗೆ ಟೇಲರನ್ನು ಬೈದು ಫಲವಿಲ್ಲ.

ಈಗ ಲೆಕ್ಕ. ಮೀಟರಿಗೆ 450ರಂತೆ 1.3 ಮೀಟರಿಗೆ 585, ಮಜೂರಿ 500, ಒಟ್ಟು 1085. ಜೇಬಿನ ಬಟ್ಟೆ, ಜಿಪ್, ಹುಕ್ ಮಜೂರಿಯಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ರೆಡಿಮೇಡ್ 1300ಕ್ಕೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ ಕಳೆದು 1040. ಉದ್ದ ಮಾತ್ರ ಕಡಿಮೆ ಮಾಡಿಸಿದರೆ 60 ಸೇರಿ 1100. ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಸೊಂಟವನ್ನೂ ಹಿಡಿಸಬೇಕಾದರೆ ಇನ್ನೂ 120 ಸೇರಿ 1220. ಹಾಗಾಗಿ ನಿಜವಾದ ಪ್ರಶ್ನೆ ದುಡ್ಡಿನದ್ದಲ್ಲ, ನಿಮ್ಮ ಸೊಂಟಕ್ಕೂ ಸೀಟಿಗೂ ಇರುವ ಅಂತರದ್ದು.

ಸೊಂಟ 34, ಸೀಟು 41 ಇಂಚು ಇರುವವರನ್ನು ನೋಡಿ. ಕೂರಲು ಏಳಲು ಪ್ಯಾಂಟಿನ ಸೀಟು 43 ಇರಬೇಕು. ಅಂಗಡಿಯಲ್ಲಿ ಟೇಪು ಹಿಡಿದರೆ 34ರ ಪ್ಯಾಂಟಿನ ಸೀಟು 41ಕ್ಕೇ ಮುಗಿದಿರುತ್ತದೆ, 36ರದ್ದು 43 ಸಿಗುತ್ತದೆ. 36 ತೆಗೆದುಕೊಂಡು ಸೊಂಟದಲ್ಲಿ 2 ಇಂಚು ಹಿಡಿಸಬೇಕು. ಟೇಲರ್ ಹಿಂದಿನ ನಡುಹೊಲಿಗೆ ಬಿಚ್ಚಿ, ಎರಡೂ ಬದಿಯಿಂದ ಒಂದೊಂದು ಇಂಚು ಒಳಗೆ ತಂದು, ಕೆಳಗೆ ಹೋದಂತೆ ಸೊನ್ನೆಗೆ ಇಳಿಸುತ್ತಾರೆ. ಹಿಂಜೇಬುಗಳು ಹತ್ತಿರ ಬಂದು ಒಂದರ ಕಡೆಗೊಂದು ಸ್ವಲ್ಪ ವಾಲುತ್ತವೆ. 2 ಇಂಚಿನವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರಾದರೆ ಎರಡು ಜೇಬು ಅಂಟಿಕೊಂಡಂತೆ ಕಾಣುತ್ತವೆ. ಅಷ್ಟು ಅಂತರವಿದ್ದರೆ ಹೊಲಿಸಿಯೇ ಬಿಡಿ.

ತೊಡೆಸಂದಿಯ ಆಳ ಕಡಿಮೆಯಿದ್ದರೆ ಯಾವ ಆಲ್ಟರೇಷನ್ನೂ ಕೈಹಿಡಿಯುವುದಿಲ್ಲ, ಅಲ್ಲಿ ಸೇರಿಸಲು ಬಟ್ಟೆಯೇ ಇರುವುದಿಲ್ಲ. ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ನಿಂತು ನೋಡಿದರೆ ಇದು ಗೊತ್ತಾಗದು; ಸ್ಟೂಲ್ ಮೇಲೆ ಕೂತು ನೋಡಿ. ಬೆನ್ನ ಹಿಂದೆ ಸೊಂಟಪಟ್ಟಿ ಕೆಳಗೆಳೆದರೆ, ಜಿಪ್ಪಿನ ಬುಡದಿಂದ ತೊಡೆಯತ್ತ ನೆರಿಗೆ ಎಳೆದು ನಿಂತರೆ, ಅದನ್ನು ಅಲ್ಲೇ ಬಿಟ್ಟುಬನ್ನಿ. ನಿಂತಾಗ ಪಕ್ಕದ ಜೇಬು ಬಾಯ್ತೆರೆದರೆ ಸೀಟು ಬಿಗಿ ಎಂದರ್ಥ.

ಕೊಳ್ಳುವ ಮೊದಲು ಪ್ಯಾಂಟನ್ನು ಒಳಹೊರಗು ಮಾಡಿ ಹಿಂದಿನ ನಡುಹೊಲಿಗೆ ನೋಡುವುದು ನನ್ನ ಅಭ್ಯಾಸ. ನನ್ನ ಟೇಲರ್ ಅಲ್ಲಿ ಒಂದೊಂದು ಬದಿಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಎರಡು ವರ್ಷದಲ್ಲಿ ಹೊಟ್ಟೆ ಬಂದರೆ 2 ಇಂಚು ಬಿಚ್ಚಿಸಿಕೊಂಡು ಅದೇ ಪ್ಯಾಂಟು ಹಾಕಬಹುದು. ಕಡಿಮೆ ಬೆಲೆಯ ರೆಡಿಮೇಡಿನಲ್ಲಿ ಅರ್ಧ ಇಂಚೂ ಇರುವುದಿಲ್ಲ, ಓವರ್‌ಲಾಕ್ ಹೊಡೆದು ಕತ್ತರಿಸಿರುತ್ತಾರೆ; ಅದನ್ನು ಹಿಡಿಸಬಹುದೇ ಹೊರತು ಬಿಡಿಸಲಾಗದು. ಕಾಲಿನ ತುದಿಯಲ್ಲೂ ಹಾಗೆಯೇ, 2 ಇಂಚು ಒಳಮಡಿಕೆ ಬಿಡಿ ಎಂದು ಹೇಳಿ ಹೊಲಿಸಬೇಕು.

ಟೇಲರಿಗೆ ಮೈ ಅಳತೆಯ ಜೊತೆಗೆ ಸರಿಯಾಗಿ ಕೂರುವ ಹಳೆಯ ಪ್ಯಾಂಟೊಂದನ್ನು ಕೊಡುತ್ತೇನೆ. ತೊಡೆ, ಮೊಣಕಾಲು, ಬಾಟಮ್ ಇಷ್ಟೂ ಅದರಿಂದಲೇ. “ಸ್ವಲ್ಪ ಟೈಟ್ ಇರಲಿ” ಎಂದರೆ ಅವರ ‘ಸ್ವಲ್ಪ’ ಬೇರೆ, ನಮ್ಮ ‘ಸ್ವಲ್ಪ’ ಬೇರೆ; ಬಾಟಮ್ ಹದಿನಾಲ್ಕೂವರೆ ಎಂದು ಚೀಟಿಯಲ್ಲಿ ಬರೆಸಿದರೆ ತಕರಾರಿಲ್ಲ. ದೀಪಾವಳಿ, ಯುಗಾದಿಗೆ ಹದಿನೈದು ದಿನ ಇರುವಾಗ ಕೊಟ್ಟ ಬಟ್ಟೆಗೆ ಟ್ರಯಲ್ ನೋಡುವ ಪುರುಸೊತ್ತು ಯಾವ ಟೇಲರಿಗೂ ಇರುವುದಿಲ್ಲ. ಆ ದಿನಗಳಲ್ಲಿ ಹೊಲಿಸುವುದರ ಲಾಭವೇ ಹೋಯಿತು ಎಂದುಕೊಂಡು ನಾನು ಅಂಗಡಿಗೇ ಹೋಗುತ್ತೇನೆ.

ಜೀನ್ಸ್‌ಗೆ ಮಾತ್ರ ಈ ಲೆಕ್ಕವೇ ಬೇಡ. ದಪ್ಪ ಡೆನಿಮ್ಮಿನ ಪದರಗಳು ಸೇರುವ ಕಡೆ ಸಾಧಾರಣ ಮೆಷಿನ್ನಿನ ಸೂಜಿ ಮುರಿಯುತ್ತದೆ, ಜೋಡಿಹೊಲಿಗೆಗೂ ಬೇರೆಯೇ ಮೆಷಿನ್ ಬೇಕು. ಅದನ್ನು ರೆಡಿಮೇಡ್ ಕೊಂಡು, ಒಮ್ಮೆ ಒಗೆದ ಮೇಲೆ ಉದ್ದ ಕಡಿಮೆ ಮಾಡಿಸಿಕೊಳ್ಳಿ.