ಮೇಲೇರದ ರೋಲರ್ ಬ್ಲೈಂಡ್: ಮೊದಲು ಬ್ರಾಕೆಟ್, ಆಮೇಲೆ ಸ್ಪ್ರಿಂಗ್

ಕಾರವಾರದಲ್ಲಿ ಕಡಲಿಗೆ ಮುಖ ಮಾಡಿದ ಕೋಣೆಗಳಿಗೆ ಮಧ್ಯಾಹ್ನದ ಬಳಿಕ ಬಿಸಿಲು ನೇರವಾಗಿ ಹೊಡೆಯುವುದರಿಂದ ಅಲ್ಲಿನ ರೋಲರ್ ಬ್ಲೈಂಡ್‌ಗಳು ದಿನಕ್ಕೊಮ್ಮೆಯಾದರೂ ಇಳಿದು ಏರುತ್ತವೆ. ಕೆಳಪಟ್ಟಿಯನ್ನು ಸ್ವಲ್ಪ ಎಳೆದು ಬಿಟ್ಟರೆ ತಾನಾಗಿ ಸುತ್ತಿಕೊಂಡು ಮೇಲೇರಬೇಕಾದ ಬ್ಲೈಂಡ್ ಅರ್ಧದಲ್ಲೇ ನಿಂತರೆ ಅಥವಾ ಕದಲದೇ ಹೋದರೆ, ಹೆಚ್ಚಿನವರು ಸ್ಪ್ರಿಂಗ್ ಹೋಯಿತೆಂದು ತೀರ್ಮಾನಿಸಿ ಹೊಸದನ್ನು ತರುತ್ತಾರೆ. ಸ್ಪ್ರಿಂಗ್ ಮುರಿಯುವುದು ಅಪರೂಪ. ಅದರ ಬಿಗಿ ಸಡಿಲಾಗಿರುವುದು ಅಥವಾ ಬ್ರಾಕೆಟ್ ಜಾಗ ತಪ್ಪಿರುವುದೇ ಹೆಚ್ಚು. ಸರಪಳಿ ಎಳೆದು ಏರಿಳಿಸುವ ಸಾಮಾನ್ಯ ಬ್ಲೈಂಡ್‌ಗಳಲ್ಲಿ ಈ ಸ್ಪ್ರಿಂಗ್ ಇರುವುದಿಲ್ಲವಾದ್ದರಿಂದ ಇಲ್ಲಿ ಹೇಳುವ ಕ್ರಮ ಅವುಗಳಿಗೆ ಅನ್ವಯಿಸುವುದಿಲ್ಲ.

ಬಟ್ಟೆ ಸುತ್ತಿರುವ ಕೊಳವೆಯ ಒಂದು ತುದಿಯಲ್ಲಿ ದುಂಡನೆಯ ಪಿನ್ನು, ಇನ್ನೊಂದು ತುದಿಯಲ್ಲಿ ಚಪ್ಪಟೆ ಪಿನ್ನು ಇರುತ್ತದೆ. ದುಂಡು ಪಿನ್ನು ತನ್ನ ಬ್ರಾಕೆಟ್ಟಿನ ತೂತಿನಲ್ಲಿ ಸಲೀಸಾಗಿ ತಿರುಗಬೇಕು. ಚಪ್ಪಟೆ ಪಿನ್ನು ಮಾತ್ರ ತನ್ನ ಬ್ರಾಕೆಟ್ಟಿನ ಸೀಳಿನಲ್ಲಿ ಸಿಕ್ಕಿಕೊಂಡು, ಕೊಳವೆ ತಿರುಗಿದರೂ ತಾನು ತಿರುಗದೆ ನಿಲ್ಲಬೇಕು. ಒಳಗಿನ ಸ್ಪ್ರಿಂಗ್‌ನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಕೊಳವೆಗೆ ಜೋಡಿಸಿರುವುದರಿಂದ, ಬಟ್ಟೆಯನ್ನು ಕೆಳಗೆಳೆದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತ ಹೋಗುತ್ತದೆ. ಚಪ್ಪಟೆ ಪಿನ್ನಿನ ಬುಡದಲ್ಲಿರುವ ಚಿಕ್ಕ ಕೊಕ್ಕೆಗಳು ಕೊಳವೆ ನಿಧಾನವಾಗಿ ತಿರುಗುವಾಗ ಹಲ್ಲಿಗೆ ಬಿದ್ದು ಬ್ಲೈಂಡನ್ನು ಹಿಡಿದು ನಿಲ್ಲಿಸುತ್ತವೆ, ವೇಗವಾಗಿ ತಿರುಗುವಾಗ ಹೊರಕ್ಕೆ ಸಿಡಿದು ದಾರಿ ಬಿಡುತ್ತವೆ.

ಆದ್ದರಿಂದ ಪರೀಕ್ಷೆ ಚಪ್ಪಟೆ ಪಿನ್ನಿನಿಂದಲೇ ಶುರುವಾಗಬೇಕು. ಅದರ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ, ಬಟ್ಟೆಯನ್ನು ಒಂದಡಿಯಷ್ಟು ಎಳೆದು ನೋಡಿ. ಗುರುತು ಕದಲಿದರೆ ಪಿನ್ನು ಸೀಳಿನಲ್ಲಿ ತಿರುಗುತ್ತಿದೆ ಎಂದರ್ಥ, ಅಂದರೆ ಸ್ಪ್ರಿಂಗ್ ಬಿಗಿಯಾಗುತ್ತಲೇ ಇಲ್ಲ. ಎಳೆದಷ್ಟೂ ಕೈಗೆ ಹೆಚ್ಚಬೇಕಾದ ಪ್ರತಿರೋಧ ಹೆಚ್ಚದಿರುವುದು ಇದೇ ದೋಷದ ಇನ್ನೊಂದು ಲಕ್ಷಣ. ಇಂಥ ಬ್ರಾಕೆಟ್ಟಿನ ಮೇಲೆ ಸ್ಪ್ರಿಂಗ್‌ಗೆ ಎಷ್ಟು ಬಿಗಿ ಕೊಟ್ಟರೂ ಅದು ಉಳಿಯುವುದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಕೋಡಿಬಾಗದ ಮನೆಯೊಂದರಲ್ಲಿ ದೀಪಾವಳಿಗೆ ಮುಂಚೆ ಗೋಡೆಗೆ ಬಣ್ಣ ಹೊಡೆಯುವಾಗ ಬ್ಲೈಂಡನ್ನೂ ಬ್ರಾಕೆಟ್ಟುಗಳನ್ನೂ ಬಿಚ್ಚಿದ್ದರು. ಬ್ಲೈಂಡ್‌ನ ಉದ್ದ 150 ಸೆಂಟಿಮೀಟರ್, ಕೊಳವೆಯ ವ್ಯಾಸ 32 ಮಿಲಿಮೀಟರ್. ಮರಳಿ ಹಾಕುವಾಗ ಒಂದು ಬ್ರಾಕೆಟ್ ಹಳೆಯ ತೂತಿನಿಂದ ಸರಿದು ಹೊರಗೆ ಕೂತಿತ್ತು. ಬಟ್ಟೆ ಪೂರ್ತಿ ಬಿಚ್ಚಿಕೊಂಡ ಸ್ಥಿತಿಯಲ್ಲೇ ಕೊಳವೆಯನ್ನು ತೂಗುಹಾಕಿದ್ದರಿಂದ ಸ್ಪ್ರಿಂಗ್‌ನಲ್ಲಿ ಬಿಗಿಯೂ ಇರಲಿಲ್ಲ. ಎರಡು ದೋಷಗಳು ಒಟ್ಟಿಗೆ ಇದ್ದದ್ದರಿಂದ ಯಾವುದನ್ನು ಮೊದಲು ಸರಿಪಡಿಸಬೇಕೆಂಬುದು ಇಲ್ಲಿ ಮುಖ್ಯವಾಗುತ್ತದೆ.

ಬ್ರಾಕೆಟ್ ಸರಿಪಡಿಸುವುದು

ಕೊಳವೆಯನ್ನು ದುಂಡು ಪಿನ್ನಿನ ಕಡೆಗೆ ಪೂರ್ತಿ ತಳ್ಳಿ ಹಿಡಿದಾಗಲೂ ಚಪ್ಪಟೆ ಪಿನ್ನು ಸೀಳಿನೊಳಗೆ ಚೆನ್ನಾಗಿ ಕೂತಿರಬೇಕು. ಪಕ್ಕಕ್ಕೆ ಎರಡು ಮೂರು ಮಿಲಿಮೀಟರ್ ಆಟ ಇದ್ದರೆ ಸಾಕು, ಅದು ಬೇಕು ಕೂಡ. ಒಂದಿಷ್ಟೂ ಆಟವಿಲ್ಲದೆ ಎರಡು ಬ್ರಾಕೆಟ್ಟುಗಳ ನಡುವೆ ಕೊಳವೆ ಇರುಕಿಕೊಂಡರೆ ಸ್ಪ್ರಿಂಗ್ ಚೆನ್ನಾಗಿದ್ದರೂ ಬ್ಲೈಂಡ್ ಮೇಲೇರದು. ಕೋಡಿಬಾಗದ ಕಿಟಕಿಯಲ್ಲಿ ಈ ಆಟ 8 ಮಿಲಿಮೀಟರ್ ಇತ್ತು. ಚಪ್ಪಟೆ ಪಿನ್ನಿನ ತುದಿ ಮಾತ್ರ ಸೀಳಿಗೆ ತಾಗುತ್ತ ಆಗಾಗ ಜಾರಿ ತಿರುಗುತ್ತಿತ್ತು.

ಕರಾವಳಿಯ ಚಿರೆಕಲ್ಲಿನ ಗೋಡೆಯಲ್ಲಿ ಬ್ರಾಕೆಟ್ ಸರಿಸುವುದು ಅಷ್ಟು ಸರಳವಲ್ಲ. ಹಳೆಯ ತೂತಿನ ಪಕ್ಕದಲ್ಲೇ ಇನ್ನೊಂದು ಕೊರೆದರೆ ಎರಡೂ ಸೇರಿಕೊಂಡು ಕಲ್ಲು ಪುಡಿಯಾಗಿ ಉದುರುತ್ತದೆ, ಸ್ಕ್ರೂ ಬರೀ ಗಿಲಾವಿಗೆ ಕಚ್ಚಿಕೊಂಡು ಕೆಲವೇ ದಿನಗಳಲ್ಲಿ ಸಡಿಲಾಗುತ್ತದೆ. ನನ್ನ ಮಟ್ಟಿಗೆ ಉತ್ತಮ ದಾರಿಯೆಂದರೆ, ಕಿಟಕಿಯ ಮೇಲೆ ಹಲಸಿನ ಅಥವಾ ಸಾಗವಾನಿಯ ಪಟ್ಟಿಯೊಂದನ್ನು ಕಲ್ಲು ಗಟ್ಟಿಯಿರುವ ಕಡೆ ಪ್ಲಗ್ ಮತ್ತು ಉದ್ದನೆಯ ಸ್ಕ್ರೂ ಹಾಕಿ ಭದ್ರಪಡಿಸಿ, ಬ್ರಾಕೆಟ್ಟುಗಳನ್ನು ಆ ಮರಕ್ಕೆ ಕೂರಿಸುವುದು. ಆಗ ಅವುಗಳನ್ನು ಒಂದೆರಡು ಮಿಲಿಮೀಟರ್ ಆಚೀಚೆ ಮಾಡಲು ಗೋಡೆಯನ್ನು ಮುಟ್ಟಬೇಕಾಗಿಲ್ಲ. ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಬಳಸಿ.

ಎರಡೂ ಬ್ರಾಕೆಟ್ಟುಗಳು ಒಂದೇ ಎತ್ತರದಲ್ಲಿವೆಯೇ ಎಂಬುದನ್ನು ಕಣ್ಣಳತೆಗೆ ಬಿಡದೆ ಕೊಳವೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಒಂದು ಬದಿ ತಗ್ಗಿದ್ದರೆ ಬಟ್ಟೆ ಸುತ್ತಿಕೊಳ್ಳುವಾಗ ಪಕ್ಕಕ್ಕೆ ಸರಿಯುತ್ತ ಹೋಗಿ ಅದರ ಅಂಚು ಬ್ರಾಕೆಟ್ಟಿಗೆ ಉಜ್ಜುತ್ತದೆ. ಅರ್ಧ ಏರಿ ನಿಲ್ಲುವ ಬ್ಲೈಂಡ್‌ನ ಬಟ್ಟೆಯ ಒಂದು ಅಂಚು ಮಾತ್ರ ಮಸುಕಾಗಿ ಎಳೆ ಎದ್ದಿದ್ದರೆ ಕಾರಣ ಇದೇ.

ಬಿಗಿ ಕೊಡುವುದು

ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು, ಸಾಧ್ಯವಾದರೆ ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು ಈ ಕೆಲಸ ಮಾಡಿ. ಮೊದಲು ಕೊಳವೆಯನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಿಂದ ಅಂಚಿಗೆ ಅಂಚು ಸೇರುವಂತೆ ಪೂರ್ತಿ ಸುತ್ತಿ, ಮರಳಿ ಬ್ರಾಕೆಟ್ಟಿಗೆ ಹಾಕಿ. ಈಗ ಅರ್ಧದಷ್ಟು, ಅಂದರೆ ನಮ್ಮ ಉದಾಹರಣೆಯಲ್ಲಿ 75 ಸೆಂಟಿಮೀಟರ್, ನಿಧಾನವಾಗಿ ಕೆಳಗೆಳೆದು ಕೊಕ್ಕೆ ಹಿಡಿಯುವಂತೆ ನಿಲ್ಲಿಸಿ. ಅಲ್ಲಿಂದ ಚಪ್ಪಟೆ ಪಿನ್ನನ್ನು ಸೀಳಿನಿಂದ ಮೇಲೆತ್ತಿ, ಬಳಿಕ ದುಂಡು ಪಿನ್ನನ್ನು ಬಿಡಿಸಿ. ಕೊಳವೆಯನ್ನು ಅಡ್ಡಲಾಗಿಯೇ ಹಿಡಿದಿರಬೇಕು. ಓರೆ ಮಾಡಿದರೆ ಅಥವಾ ಕುಲುಕಿದರೆ ಕೊಕ್ಕೆ ಹಲ್ಲಿನಿಂದ ಜಾರಿ ಚಪ್ಪಟೆ ಪಿನ್ನು ಗಿರ್ರೆಂದು ತಿರುಗುತ್ತದೆ, ಕೂಡಿಟ್ಟ ಬಿಗಿಯೆಲ್ಲ ಹೋಗುವುದಲ್ಲದೆ ಬೆರಳಿಗೂ ಪೆಟ್ಟಾಗಬಹುದು. ಹೊರಗೆಳೆದಿದ್ದ ಬಟ್ಟೆಯನ್ನು ಕೈಯಿಂದ ಸುತ್ತಿ ಮರಳಿ ತೂಗುಹಾಕಿದರೆ ಒಂದು ಸುತ್ತಿನ ಕೆಲಸ ಮುಗಿಯಿತು.

ಇದರಿಂದ ಆಗುವುದಿಷ್ಟೆ: ಬರಿಯ ಕೊಳವೆಯ ಸುತ್ತಳತೆ ಸುಮಾರು 10 ಸೆಂಟಿಮೀಟರ್, ಸುತ್ತಿದ ಬಟ್ಟೆಯ ದಪ್ಪದಿಂದ ಹೊರಗಿನ ಸುತ್ತುಗಳು ಇನ್ನೂ ದೊಡ್ಡವಾದ್ದರಿಂದ, 75 ಸೆಂಟಿಮೀಟರ್ ಎಳೆದಾಗ ಸ್ಪ್ರಿಂಗ್‌ಗೆ ಐದಾರು ಸುತ್ತು ಬಿಗಿ ಸಿಗುತ್ತದೆ. ಕೈಯಿಂದ ಸುತ್ತುವಾಗ ಚಪ್ಪಟೆ ಪಿನ್ನೂ ಕೊಳವೆಯ ಜೊತೆಗೇ ತಿರುಗುವುದರಿಂದ ಆ ಬಿಗಿ ಬಿಚ್ಚಿಕೊಳ್ಳದೆ ಹಾಗೆಯೇ ಉಳಿಯುತ್ತದೆ.

ಈಗ ಬ್ಲೈಂಡನ್ನು ಪೂರ್ತಿ ಇಳಿಸಿ ಬಿಟ್ಟು ನೋಡಿ, ಆದರೆ ಕೈ ಕೆಳಪಟ್ಟಿಯ ಹತ್ತಿರವೇ ಇರಲಿ. ಕೋಡಿಬಾಗದ ಬ್ಲೈಂಡ್ ಮೇಲಿನ ಒಂದಡಿ ಬಾಕಿಯಿರುವಾಗ ಸೋತು ನಿಂತಿತು. ಇಂಥ ಕಡೆ ಮತ್ತೆ ಅರ್ಧ ಎಳೆಯದೆ 40 ಸೆಂಟಿಮೀಟರ್ ಮಾತ್ರ ಎಳೆದು ಅದೇ ಕ್ರಮವನ್ನು ಪುನರಾವರ್ತಿಸಿದರೆ ಇನ್ನೂ ಸುಮಾರು ಮೂರು ಸುತ್ತು ಸೇರುತ್ತದೆ, ಅಷ್ಟು ಸಾಕಾಯಿತು. ಒಂದೇ ಸಲಕ್ಕೆ ಹೆಚ್ಚು ಬಿಗಿ ಕೊಡುವ ಆತುರ ಬೇಡ. ಬ್ಲೈಂಡ್ ಕೈಯಿಂದ ಕಿತ್ತುಕೊಂಡು ಹೋಗಿ ಮೇಲೆ ಬಡಿಯುತ್ತಿದ್ದರೆ ಬಿಗಿ ಅತಿಯಾಗಿದೆ. ಆಗ ಪೂರ್ತಿ ಮೇಲಿರುವಾಗ ಕೊಳವೆಯನ್ನು ಬಿಡಿಸಿಕೊಂಡು, ಕಾಲು ಭಾಗದಷ್ಟು ಬಟ್ಟೆಯನ್ನು ಕೈಯಿಂದಲೇ ಬಿಚ್ಚಿ ಹಾಗೆಯೇ ತೂಗುಹಾಕಿ ಮೇಲೇರಲು ಬಿಟ್ಟರೆ ಅಷ್ಟು ಬಿಗಿ ಇಳಿಯುತ್ತದೆ.

ಬಿಗಿ ಸರಿಯಿದ್ದೂ ಬ್ಲೈಂಡ್ ಬೇಕಾದಲ್ಲಿ ನಿಲ್ಲದಿದ್ದರೆ ಅಥವಾ ಎಳೆದು ಬಿಟ್ಟಾಗ ಕೊಕ್ಕೆ ಬಿಡದಿದ್ದರೆ ದೋಷ ಕೊಕ್ಕೆಯದು. ಮಳೆಗಾಲದ ತೇವಕ್ಕೆ ಸಿರಸಿಯ ಕಡೆಯೂ ಕೊಕ್ಕೆಗಳಲ್ಲಿ ಧೂಳು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ಸ್ವಲ್ಪ ಗ್ರಾಫೈಟ್ ಪುಡಿ ಹಾಕಿ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ, ಅವು ಧೂಳನ್ನು ಹಿಡಿದಿಟ್ಟುಕೊಂಡು ಬಟ್ಟೆಗೂ ಕಲೆ ಮಾಡುತ್ತವೆ.

ಸ್ಪ್ರಿಂಗ್ ನಿಜವಾಗಿ ಮುರಿದಿದೆಯೇ ಎಂದು ತಿಳಿಯಲು ಕೊಳವೆಯನ್ನು ಕೆಳಗಿಳಿಸಿ ಚಪ್ಪಟೆ ಪಿನ್ನನ್ನು ಇಕ್ಕಳದಿಂದ ಹಿಡಿದು ತಿರುಗಿಸಿ. ಒಂದು ದಿಕ್ಕಿಗೆ ತಿರುಗಿಸಿದಾಗ ಬಿಗಿ ಏರುತ್ತ ಹೋಗಬೇಕು. ಎರಡೂ ದಿಕ್ಕಿಗೆ ಎಷ್ಟು ಸುತ್ತಿದರೂ ಬಿಗಿ ಏರದಿದ್ದರೆ ಅಥವಾ ಒಳಗೆ ತುಂಡು ಅಲುಗಾಡುವ ಸದ್ದು ಬಂದರೆ ಕೊಳವೆಯನ್ನು ಬಿಚ್ಚಲು ಹೋಗದೆ, ಹಳೆಯ ಬಟ್ಟೆಯನ್ನು ಉಳಿಸಿಕೊಂಡು, ಅದೇ ಉದ್ದದ ಸ್ಪ್ರಿಂಗ್ ಕೊಳವೆಯೊಂದನ್ನು ಹಾಕಿಸಬೇಕು.