ಮದುಮಗನ ಗೆಳೆಯರ ಕುರ್ತಾ: ಬಣ್ಣ ಒಂದು, ಛಾಯೆ ಮೂರು

ಗೆಳೆಯರೆಲ್ಲರಿಗೂ ಒಂದೇ ಕುರ್ತಾ ಹೊಲಿಸುವುದು ಸುಲಭ. ಆದರೆ ವೇದಿಕೆ ಮೇಲೆ ಸಾಲಾಗಿ ನಿಂತಾಗ ಅದು ಸಮವಸ್ತ್ರದ ಹಾಗೆ ಕಾಣುತ್ತದೆ. ‘ಎಲ್ಲರೂ ಹಸಿರು ಹಾಕ್ಕೊಂಡು ಬನ್ನಿ’ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿಬಿಟ್ಟರೆ ಇನ್ನೊಂದು ತೊಂದರೆ. ಒಬ್ಬ ಗಿಳಿ ಹಸಿರು, ಒಬ್ಬ ಬಾಟಲ್ ಗ್ರೀನ್, ಇನ್ನೊಬ್ಬ ಸೀ ಗ್ರೀನ್ ಹಾಕಿಕೊಂಡು ಬರುತ್ತಾನೆ. ಹೆಸರಿಗೆ ಎಲ್ಲವೂ ಹಸಿರೇ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಕೆಯೂ ಇರಬೇಕು, ಒಬ್ಬೊಬ್ಬರೂ ಬೇರೆಯಾಗಿಯೂ ಕಾಣಬೇಕು ಎಂದರೆ ಒಂದೇ ಬಣ್ಣದ ಮೂರು ಛಾಯೆ ಆರಿಸಿಕೊಳ್ಳಿ. ತಿಳಿ, ಮಧ್ಯಮ, ಕಡು. ಬದಲಾಗುವುದು ಅಷ್ಟೇ. ಬಟ್ಟೆಯ ಬಗೆ, ಕುರ್ತಾ ಉದ್ದ, ಗುಂಡಿ, ಪೈಜಾಮ ಎಲ್ಲರಿಗೂ ಒಂದೇ ಇರಲಿ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಧಾರೆಗೆ ಹೇಗೂ ಪಂಚೆ, ಶಲ್ಯ ಇರುತ್ತದೆ. ಕುರ್ತಾ ಬೇಕಾಗಿರುವುದು ಸಂಜೆಯ ಆರತಕ್ಷತೆಗೆ. ಮದುಮಗನದು ಕೆನೆ ಬಣ್ಣದ ಶೇರ್ವಾನಿ, ಮದುಮಗಳದು ಮರೂನ್ ರೇಷ್ಮೆ ಸೀರೆ. ಗೆಳೆಯರು ಏಳು ಜನ.

ಮೊದಲು ಬಿಡಬೇಕಾದ ಬಣ್ಣ

ಗೆಳೆಯರ ಬಣ್ಣ ಯಾವುದು ಎಂದು ಯೋಚಿಸುವ ಮೊದಲು ಯಾವುದು ಬೇಡ ಎಂದು ತೀರ್ಮಾನಿಸಿ. ಮದುಮಗನ ಕೆನೆ ಬಣ್ಣ ಬೇರೆ ಯಾರಿಗೂ ಬೇಡ. ಮದುಮಗಳ ಮರೂನ್ ಕೂಡ ಬೇಡ, ಅದರ ಹತ್ತಿರದ ಕೆಂಪು, ರಾಣಿ ಬಣ್ಣಗಳೂ ಬೇಡ. ಹಾಗಾಗಿ ಸೀರೆ, ಶೇರ್ವಾನಿ ಗೊತ್ತಾಗುವವರೆಗೆ ಗೆಳೆಯರ ಬಟ್ಟೆ ಕೊಳ್ಳಬೇಡಿ. ನಮ್ಮ ಉದಾಹರಣೆಯಲ್ಲಿ ಹಸಿರು ಚೆನ್ನಾಗಿ ಹೊಂದುತ್ತದೆ. ಅದು ಮರೂನ್ ಪಕ್ಕದಲ್ಲಿ ಮಂಕಾಗುವುದಿಲ್ಲ, ಕೆನೆ ಬಣ್ಣವನ್ನೂ ಎತ್ತಿ ತೋರಿಸುತ್ತದೆ.

ಹಸಿರು ಯಾವ ಕಡೆ ವಾಲುತ್ತದೆ ನೋಡಿ

ಹೊಂದಿಕೆ ಕೆಡುವುದು ಹೆಚ್ಚಾಗಿ ಇಲ್ಲೇ. ಹಸಿರಿನಲ್ಲಿ ಎರಡು ಮನೆತನ. ಒಂದರಲ್ಲಿ ಹಳದಿ ಬೆರೆತಿರುತ್ತದೆ: ಪಿಸ್ತಾ, ಮೆಹಂದಿ, ಆಲಿವ್. ಇನ್ನೊಂದರಲ್ಲಿ ನೀಲಿ ಬೆರೆತಿರುತ್ತದೆ: ಸೀ ಗ್ರೀನ್, ನವಿಲಿನ ಹಸಿರು, ಅಂಗಡಿಗಳಲ್ಲಿ ಸಿಗುವ ಬಾಟಲ್ ಗ್ರೀನ್‌ನಲ್ಲಿ ಬಹುಪಾಲು. ಮೂರೂ ಛಾಯೆ ಒಂದೇ ಮನೆತನದವು ಆಗಿರಬೇಕು.

ಮೊದಲು ಮಧ್ಯಮ ಛಾಯೆ ಆರಿಸಿ, ಏಕೆಂದರೆ ಉಳಿದ ಎರಡನ್ನೂ ಅದರ ಜೊತೆಗಿಟ್ಟೇ ನೋಡಬೇಕು. ನಾವು ಮೆಹಂದಿ ಹಸಿರು ತೆಗೆದುಕೊಂಡೆವು ಎಂದುಕೊಳ್ಳಿ. ತಿಳಿ ಬಣ್ಣಕ್ಕೆ ಪಿಸ್ತಾ ಸರಿಹೋಗುತ್ತದೆ. ಕಡು ಬಣ್ಣ ಕೇಳಿದರೆ ಅಂಗಡಿಯವರು ಬಾಟಲ್ ಗ್ರೀನ್ ಬಿಚ್ಚಿ ತೋರಿಸುತ್ತಾರೆ. ಅದನ್ನು ಮೆಹಂದಿ ಬಟ್ಟೆಯ ಮೇಲೆ ಇಟ್ಟು ನೋಡಿ. ತಕ್ಷಣ ನೀಲಿ ಹೊಡೆದ ಹಾಗೆ ಕಂಡರೆ ಬೇಡ ಅನ್ನಿ. ಕಡು ಆಲಿವ್ ಕೇಳಿ. ಕೆಲವರು ಅದನ್ನೇ ಮಿಲಿಟರಿ ಕಲರ್ ಅನ್ನುತ್ತಾರೆ. ಬಣ್ಣದ ಹೆಸರನ್ನು ಮಾತ್ರ ನಂಬಿಕೊಂಡು ಆನ್‌ಲೈನ್‌ನಲ್ಲಿ ಬೇರೆ ಬೇರೆ ಕಡೆ ತರಿಸುವುದು ಬೇಡವೇ ಬೇಡ. ಒಬ್ಬರ ಪಿಸ್ತಾ ಇನ್ನೊಬ್ಬರ ಪಿಸ್ತಾ ಆಗಿರುವುದಿಲ್ಲ.

ಬಾಗಿಲ ಬಳಿಗೆ ಒಯ್ದು ನೋಡಿ

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಜೊತೆಯಾಗಿ ಕಂಡ ಎರಡು ಬಟ್ಟೆ ಕಲ್ಯಾಣ ಮಂಟಪದ ಹಳದಿ ದೀಪದಲ್ಲಿ ಬೇರೆಯಾಗಿ ಕಾಣಬಹುದು. ಬೇರೆ ಬೇರೆ ಬಣ್ಣ ಹಾಕಿ ಅದ್ದಿದ ಬಟ್ಟೆಗಳು ಬೆಳಕು ಬದಲಾದಾಗ ಬೇರೆ ಬೇರೆ ರೀತಿಯಲ್ಲಿ ಬದಲಾಗುತ್ತವೆ. ಸಾಧ್ಯವಾದರೆ ಅಂಗೈ ಅಗಲದ ತುಂಡು ಕೇಳಿ ತನ್ನಿ. ಮೂರನ್ನೂ ಬಿಸಿಲಿಲ್ಲದ ಹಗಲು ಬೆಳಕಿನಲ್ಲಿ, ಟ್ಯೂಬ್‌ಲೈಟಿನಲ್ಲಿ, ಹಳದಿ ಬಲ್ಬಿನಡಿ ಒಟ್ಟಿಗೆ ಇಟ್ಟು ನೋಡಿ. ಮೂರೂ ಕಡೆ ಒಂದೇ ಮನೆಯವರ ಹಾಗೆ ಕಂಡರೆ ಆಯಿತು.

ಛಾಯೆಗಳ ನಡುವೆ ಸಾಕಷ್ಟು ಅಂತರ ಇದೆಯಾ ಎಂದು ತಿಳಿಯಲು ಫೋನಿನಲ್ಲಿ ಒಂದು ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ. ಮೂರು ಬೂದು ಬಣ್ಣ ಬಿಡಿಬಿಡಿಯಾಗಿ ಕಾಣಬೇಕು. ಎರಡು ಒಂದೇ ಥರ ಕಂಡರೆ ಆ ಎರಡು ಕುರ್ತಾ ನೋಡಿದವರಿಗೆ ‘ಒಂದೇ ಬಣ್ಣ ತರಲು ಹೋಗಿ ಸಿಗಲಿಲ್ಲ’ ಅನ್ನಿಸುತ್ತದೆ. ಅಂತರ ಸ್ವಲ್ಪವೇ ಇದ್ದರೆ ತಪ್ಪಿನ ಹಾಗೆ ಕಾಣುತ್ತದೆ, ಎದ್ದು ಕಾಣುವಷ್ಟಿದ್ದರೆ ಬೇಕೆಂದೇ ಮಾಡಿದ್ದು ಎಂದು ಗೊತ್ತಾಗುತ್ತದೆ.

ಎಷ್ಟು ಬಟ್ಟೆ, ಯಾವ ಬಟ್ಟೆ

ಹೊಳಪು ಒಂದೇ ಇರಬೇಕು. ಹತ್ತಿಯ ಕುರ್ತಾ ಪಕ್ಕದಲ್ಲಿ ಸ್ಯಾಟಿನ್ ನಿಂತರೆ ಫ್ಲ್ಯಾಶ್ ಬೆಳಕಿನಲ್ಲಿ ಸ್ಯಾಟಿನ್ ಮಾತ್ರ ಮಿಂಚುತ್ತದೆ. ಏಳು ಜನರಿಗೂ ಕಾಟನ್ ಸಿಲ್ಕ್ ಇಟ್ಟುಕೊಳ್ಳಿ. ಉದ್ದದ ನೂಲು ಒಂದು ಬಣ್ಣ, ಅಡ್ಡ ನೂಲು ಇನ್ನೊಂದು ಬಣ್ಣ ಇರುವ ಬಟ್ಟೆ ತಿರುಗಿದಂತೆಲ್ಲ ಬಣ್ಣ ಬದಲಿಸುತ್ತದೆ. ನೋಡಲು ಚೆಂದ, ಆದರೆ ಈ ಲೆಕ್ಕಕ್ಕೆ ಸಿಗುವುದಿಲ್ಲ, ಬಿಟ್ಟುಬಿಡಿ.

44 ಇಂಚು ಪನ್ನದ ಬಟ್ಟೆಯಾದರೆ ಮಂಡಿವರೆಗಿನ, ತುಂಬು ತೋಳಿನ ಕುರ್ತಾಗೆ ಸಾಧಾರಣ ಮೈಕಟ್ಟಿನವರಿಗೆ ಸುಮಾರು ಎರಡೂವರೆ ಮೀಟರ್ ಬೇಕು. ಎತ್ತರದವರಿಗೆ, ದಪ್ಪ ಇರುವವರಿಗೆ 3 ಮೀಟರ್. ಪನ್ನ ಕಡಿಮೆ ಇದ್ದರೆ ಇನ್ನೂ ಜಾಸ್ತಿ, ಕೊಳ್ಳುವ ಮೊದಲು ಟೈಲರನ್ನು ಕೇಳಿ. ನಮ್ಮ ಲೆಕ್ಕದಲ್ಲಿ ಕಡು ಬಣ್ಣ ಇಬ್ಬರಿಗೆ, ತಿಳಿ ಇಬ್ಬರಿಗೆ, ಮಧ್ಯಮ ಮೂವರಿಗೆ. ಕಡು ಬಣ್ಣದವರಲ್ಲಿ ಒಬ್ಬ ಎತ್ತರದವನಿದ್ದರೆ ಅದಕ್ಕೆ ಐದೂವರೆ, ಪಿಸ್ತಾಗೆ 5, ಮೆಹಂದಿಗೆ ಏಳೂವರೆ, ಒಟ್ಟು 18 ಮೀಟರ್. ಒಂದೊಂದು ಛಾಯೆಯನ್ನೂ ಒಂದೇ ಥಾನಿನಿಂದ, ಒಂದೇ ದಿನ ಕತ್ತರಿಸಿಕೊಳ್ಳಿ. ಮುಂದಿನ ವಾರ ಬರುವ ಥಾನಿನ ಬಣ್ಣ ಸ್ವಲ್ಪ ಬೇರೆ ಇರಬಹುದು.

ಯಾರಿಗೆ ಯಾವುದು, ಯಾರು ಎಲ್ಲಿ

ಬೆವರುವವರನ್ನು ಮೊದಲು ಕೇಳಿ. ಸಂಕೋಚ ಬೇಡ. ಮೆಹಂದಿಯಂಥ ಮಧ್ಯಮ ಬಣ್ಣದಲ್ಲಿ ಕಂಕುಳ ಕೆಳಗಿನ ಒದ್ದೆ ಜಾಸ್ತಿ ಎದ್ದು ಕಾಣುತ್ತದೆ. ಅಂಥವರಿಗೆ ಕಡು ಆಲಿವ್ ಕೊಡಿ. ಪಿಸ್ತಾ ತೆಳುವಾಗಿದ್ದರೆ ಒಳಗಿನ ಬನಿಯನ್ ಕಾಣುತ್ತದೆ, ಅದಕ್ಕೆ ಲೈನಿಂಗ್ ಹಾಕಿಸಿ. ಉಳಿದವರು ತಮಗೆ ಇಷ್ಟವಾದದ್ದು ಆರಿಸಿಕೊಳ್ಳಲಿ.

ಫೋಟೊಕ್ಕೆ ನಿಲ್ಲುವಾಗ ಮದುಮಗನ ಎರಡೂ ಪಕ್ಕ ಕಡು ಆಲಿವ್ ಇರಲಿ. ಕೆನೆ ಬಣ್ಣಕ್ಕೆ ಅದು ಅಂಚು ಕಟ್ಟಿದ ಹಾಗೆ ಆಗಿ ಮೊದಲು ಕಣ್ಣಿಗೆ ಬೀಳುವವನು ಅವನೇ ಆಗುತ್ತಾನೆ. ಪಿಸ್ತಾದವನು ಪಕ್ಕದಲ್ಲೇ ನಿಂತರೆ ಇಬ್ಬರೂ ತಿಳಿ ಬಣ್ಣದಲ್ಲಿ ಕೂಡಿಹೋಗುತ್ತಾರೆ. ಆದ್ದರಿಂದ ಆಲಿವ್ ಆಚೆಗೆ ಪಿಸ್ತಾ, ಅದರಾಚೆ ಮೆಹಂದಿ. ಒಂದು ಬದಿಯಲ್ಲಿ ಮೆಹಂದಿಯವರು ಇಬ್ಬರು ಜೊತೆಯಾಗಿ ನಿಲ್ಲಬೇಕಾಗುತ್ತದೆ. ಅವರಲ್ಲಿ ಒಬ್ಬನ ಕುರ್ತಾದ ಕತ್ತು, ಗುಂಡಿಪಟ್ಟಿಯ ಮೇಲೆ ಅದೇ ಬಣ್ಣದ ದಾರದಲ್ಲಿ ಕಸೂತಿ ಮಾಡಿಸಿದರೆ ಸಾಕು, ಇಬ್ಬರೂ ಬೇರೆಯಾಗಿ ಕಾಣುತ್ತಾರೆ.

ಪೈಜಾಮಕ್ಕೆ ಶೇರ್ವಾನಿಯ ಕೆನೆ ಬಣ್ಣವನ್ನೇ ಇಡಿ. ಮೈಮೇಲೆ ಬೇಡ ಎಂದ ಬಣ್ಣ ಕೆಳಗೆ ಸಾಲಾಗಿ ಬಂದಾಗ ಗುಂಪು ಮದುಮಗನಿಗೆ ಸೇರಿದ್ದು ಎಂದು ಕಾಣುತ್ತದೆ. ಅಪ್ಪಟ ಬಿಳಿ ಮಾತ್ರ ಬೇಡ. ಅದರ ಪಕ್ಕದಲ್ಲಿ ಕೆನೆ ಬಣ್ಣದ ಶೇರ್ವಾನಿ ಹಳೆಯದಾದ ಹಾಗೆ ಕಾಣುತ್ತದೆ.

ಟೈಲರ್ ಹತ್ತಿರ

ಏಳೂ ಕುರ್ತಾ ಒಬ್ಬರ ಹತ್ತಿರವೇ ಹೊಲಿಸಿ. ಕಾಲರ್ ಎತ್ತರ, ಪಕ್ಕದ ಸೀಳು ಒಂದೇ ಥರ ಬರುತ್ತವೆ. ಕುರ್ತಾ ಉದ್ದವನ್ನು ಇಂಚಿನಲ್ಲಿ ಒಂದೇ ಮಾಡಬೇಡಿ. ‘ಎಲ್ಲರದೂ ಮಂಡಿಗೆ ಬರಲಿ’ ಎಂದು ಹೇಳಿ. ಹತ್ತಿ ಬೆರೆತ ಬಟ್ಟೆಯಾದ್ದರಿಂದ ಕತ್ತರಿಸುವ ಮೊದಲು ನೀರಿಗೆ ಹಾಕಬೇಕಾ ಎಂದು ಕೇಳಿ. ಹಾಕುವುದಾದರೆ ತುಂಡಿನ ಮೇಲೆ ಮೊದಲು ನೋಡಿ, ಕಡು ಬಣ್ಣ ಬಿಡಬಹುದು. ಮದುವೆ ಕಾಲದಲ್ಲಿ ಮೂರು ವಾರ ಮುಂಚೆಯಾದರೂ ಬಟ್ಟೆ ಕೊಟ್ಟಿರಿ.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಗೆಳೆಯ ಮುಹೂರ್ತದ ಹಿಂದಿನ ದಿನ ಬಂದಿಳಿಯುವವನಾದರೆ ಮೈ ಅಳತೆ ಕಳಿಸು ಎನ್ನಬೇಡಿ. ಸರಿಯಾಗಿ ಕೂರುವ ತನ್ನ ಒಂದು ಕುರ್ತಾವನ್ನು ಮಂಚದ ಮೇಲೆ ಹರಡಿ ಎದೆ, ಭುಜ, ತೋಳು, ಉದ್ದ ಅಳೆದು ಕಳಿಸಲಿ. ಅವನ ಕುರ್ತಾದ ಎರಡೂ ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಲು ಟೈಲರಿಗೆ ಹೇಳಿಡಿ. ಬಿಗಿಯಾದರೆ ಬಂದ ದಿನವೇ ಬಿಚ್ಚಿ ಸಡಿಲ ಮಾಡಬಹುದು.